ಮೂರನೇ ಫ್ರೇಮಿನ ಅಜ್ಜಿಗೆ ನಾಲ್ಕನೇ ಫ್ರೇಮಿನ ಮುಖ

ಹದಿನೆಂಟು ಜನರ ಗ್ರೂಪ್ ಫೋಟೋದಲ್ಲಿ ಯಾರೋ ಒಬ್ಬರು ಕಣ್ಣು ಮುಚ್ಚಿದ್ದರೆ ಅದು ಫೋಟೋಗ್ರಾಫರ್ ತಪ್ಪಲ್ಲ. ಲೆಕ್ಕವೇ ಹಾಗಿದೆ. ಕ್ಯಾಮೆರಾ ಎದುರು ನಿಂತವರು ನಿಮಿಷಕ್ಕೆ ಸುಮಾರು 10 ಸಲ ರೆಪ್ಪೆ ಬಡಿಯುತ್ತಾರೆ, ಒಂದೊಂದು ಸಲಕ್ಕೂ ಕಾಲು ಸೆಕೆಂಡು ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. 60 ಸೆಕೆಂಡಿನಲ್ಲಿ ಎರಡೂವರೆ ಸೆಕೆಂಡು ಕಣ್ಣು ಮುಚ್ಚಿರುತ್ತದೆ. ಅಂದರೆ ನೂರಕ್ಕೆ 4. ಒಬ್ಬರದೇ ಫೋಟೋ ಆದರೆ ಇದು ಏನೂ ಅಲ್ಲ. ಆದರೆ 18 ಜನರೂ ಒಂದೇ ಕ್ಷಣದಲ್ಲಿ ಕಣ್ಣು ಬಿಟ್ಟಿರುವ ಸಾಧ್ಯತೆ ನೂರಕ್ಕೆ 48ಕ್ಕೆ ಇಳಿಯುತ್ತದೆ. ಎರಡು ಫೋಟೋ ತೆಗೆದರೆ ಒಂದು ಕೆಟ್ಟಿತು ಅಂತಲೇ ಅರ್ಥ.

ಆಸ್ಟ್ರೇಲಿಯಾದ ಸಿಎಸ್ಐಆರ್‌ಒ ವಿಜ್ಞಾನ ಸಂಶೋಧನಾ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಕುಳಿತು ಲೆಕ್ಕ ಹಾಕಿದರು. ಅದಕ್ಕೆ 2006ರಲ್ಲಿ ಗಣಿತದ ಇಗ್ ನೊಬೆಲ್ ಕೂಡ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಇಪ್ಪತ್ತಕ್ಕಿಂತ ಕಡಿಮೆ ಜನರ ಗುಂಪಿಗೆ ಅವರು ಹೇಳಿದ ಸೂತ್ರ ಸುಲಭದ್ದು. ಬೆಳಕು ಚೆನ್ನಾಗಿದ್ದರೆ ಜನರ ಸಂಖ್ಯೆಯನ್ನು 3ರಿಂದ ಭಾಗಿಸಿ, ಬೆಳಕು ಕಡಿಮೆ ಇದ್ದರೆ 2ರಿಂದ. ಅಷ್ಟು ಫೋಟೋ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ಬೆಳಕು ಕಡಿಮೆಯಾದರೆ ಶಟರ್ ಜಾಸ್ತಿ ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಇನ್ನೊಬ್ಬರು ರೆಪ್ಪೆ ಬಡಿಯುತ್ತಾರೆ.

18 ಜನರಿಗೆ ಆರು ಫೋಟೋ, ಚಪ್ಪರದ ನೆರಳಲ್ಲಾದರೆ ಒಂಬತ್ತು. ಆದರೆ ಮುಂಜಿಮನೆಯಲ್ಲಿ ಒಂಬತ್ತು ಫೋಟೋ ತೆಗೆಯೋವರೆಗೆ ನಿಲ್ಲುವವರು ಯಾರು? ಒಳಗೆ ಎಲೆ ಹಾಕಿ ಆಗಿದೆ, ಮಾಣಿಗೆ ಹಸಿವಾಗಿದೆ, ದೊಡ್ಡಪ್ಪ ಆಗಲೇ ಬಾಳೆಎಲೆ ಕಡೆ ತಿರುಗಿದ್ದಾರೆ. ಕೈಗೆ ಸಿಗುವುದು ಮೂರೋ ನಾಲ್ಕೋ ಫ್ರೇಮು. ಆಮೇಲೆ ಫೋನು ಬರುತ್ತದೆ: "ಫೋಟೋ ಎಲ್ಲ ಲಾಯ್ಕಿದೆ, ಅಜ್ಜಿ ಕಣ್ಣೊಂದು ಬಿಡಿಸಿ ಕೊಡಿ ಮಾರಾಯ್ರೆ."

ಕಣ್ಣು ಬಿಡಿಸುವುದು ಅಂದರೆ ಇನ್ನೊಂದು ಫ್ರೇಮಿನಲ್ಲಿ ಅದೇ ಅಜ್ಜಿ ಕಣ್ಣು ಬಿಟ್ಟಿರುವ ಮುಖವನ್ನು ತಂದು ಇಲ್ಲಿ ಕೂರಿಸುವುದು. ತೀರ್ಥಹಳ್ಳಿ ಕಡೆಯ ಒಂದು ಮನೆಯ ಮುಂಜಿ ಫೋಟೋವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಗಳಕ್ಕೆ ಸೋಗೆ ಚಪ್ಪರ ಹಾಕಿದ್ದಾರೆ. ಎರಡು ಸಾಲು, ಹದಿನೆಂಟು ಜನ. ಮುಂದಿನ ಸಾಲಿನ ನಡುವೆ ಕುರ್ಚಿ ಮೇಲೆ ಅಜ್ಜಿ, ಪಕ್ಕದಲ್ಲಿ ವಟು. ಒಟ್ಟು ನಾಲ್ಕು ಫ್ರೇಮು. ಮೂರನೆಯದರಲ್ಲಿ ಹದಿನೇಳು ಜನ ಸರಿಯಾಗಿದ್ದಾರೆ, ಅಜ್ಜಿ ಮಾತ್ರ ಕಣ್ಣು ಮುಚ್ಚಿದ್ದಾರೆ. ಹಾಗಾಗಿ ಅದೇ ಮೂಲ ಫೋಟೋ. ಮುಖ ಯಾವುದರಿಂದ ತರಬೇಕು ಅನ್ನುವುದು ಮುಂದಿನ ಪ್ರಶ್ನೆ. ಅರ್ಧ ಕೆಲಸ ಇರುವುದು ಈ ಆಯ್ಕೆಯಲ್ಲೇ.

ಹೊಸಬರು ಸಾಮಾನ್ಯವಾಗಿ ಕಣ್ಣು ಎಲ್ಲಿ ಚೆನ್ನಾಗಿ ತೆರೆದಿದೆ ಅಂತ ನೋಡುತ್ತಾರೆ. ನೋಡಬೇಕಾದದ್ದು ಮೊದಲು ಬೆಳಕು, ಆಮೇಲೆ ತಲೆ ತಿರುಗಿರುವ ಕೋನ, ಆಮೇಲೆ ಬಾಯಿ. ಕಣ್ಣು ಕೊನೆಗೆ.

ಬೆಳಕಿನ ವಿಷಯದಲ್ಲಿ ನಮ್ಮ ಮಲೆನಾಡಿಗೆ ಒಂದು ತೊಂದರೆ ಇದೆ. ಸೋಗೆ ಚಪ್ಪರದ ಸಂದಿನಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಗಾಳಿ ಬಂದರೆ ಸೋಗೆ ಅಲ್ಲಾಡುತ್ತದೆ, ಚುಕ್ಕೆ ಜಾಗ ಬದಲಿಸುತ್ತದೆ. ಅಡಿಕೆ ತೋಟದ ಒಳಗೆ ನಿಲ್ಲಿಸಿ ತೆಗೆದರೂ ಇದೇ ಕಥೆ. ಒಂದೇ ಸೆಕೆಂಡಿನ ಅಂತರದ ಎರಡು ಫ್ರೇಮಿನಲ್ಲಿ ಒಂದರಲ್ಲಿ ಬಿಸಿಲು ಕೆನ್ನೆ ಮೇಲೆ, ಇನ್ನೊಂದರಲ್ಲಿ ಹೆಗಲ ಮೇಲೆ. ನಮ್ಮ ಫೋಟೋದ ಎರಡನೇ ಫ್ರೇಮಿನಲ್ಲಿ ಅಜ್ಜಿ ಕಣ್ಣು ಬಿಟ್ಟು ಚೆನ್ನಾಗಿ ನಕ್ಕಿದ್ದಾರೆ. ಆದರೆ ಎಡ ಕೆನ್ನೆಯ ಮೇಲೆ ಬಿಸಿಲಿನ ಬಿಲ್ಲೆ ಬಿದ್ದು ಆ ಜಾಗ ಪೂರ್ತಿ ಬಿಳಿಯಾಗಿದೆ. ಬಿಳಿಯಾಗಿ ಸುಟ್ಟ ಜಾಗದಲ್ಲಿ ಚರ್ಮದ ಮಾಹಿತಿಯೇ ಇರುವುದಿಲ್ಲ, ಎಷ್ಟು ಕತ್ತಲು ಮಾಡಿದರೂ ಬೂದಿ ಬಣ್ಣವಾಗುತ್ತದೆ ಅಷ್ಟೆ. ಆ ಫ್ರೇಮನ್ನು ಬಿಟ್ಟೆವು. ಮೋಡ ಮುಸುಕಿದ ದಿನ ತೆಗೆದ ಫೋಟೋ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬೆಳಕು ಎಲ್ಲ ಕಡೆಯಿಂದ ಒಂದೇ ಸಮ ಬರುತ್ತದೆ, ಮುಖದ ಮೇಲೆ ಗಟ್ಟಿ ನೆರಳು ಇರುವುದಿಲ್ಲ.

ಮೊದಲ ಫ್ರೇಮಿನಲ್ಲಿ ಅಜ್ಜಿ ವಟುವಿನ ಕಡೆ ತಿರುಗಿದ್ದಾರೆ. ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ತಲೆ ಹೆಗಲ ಕಡೆಗೆ ವಾಲಿದ್ದರೆ ಮುಖವನ್ನು ಸ್ವಲ್ಪ ತಿರುಗಿಸಿ ಸರಿ ಮಾಡಬಹುದು. ಯಾಕೆಂದರೆ ಮುಖದ ಅದೇ ಭಾಗವೇ ಕಾಣುತ್ತಿರುತ್ತದೆ, ಓರೆಯಾಗಿ ಅಷ್ಟೆ. ತಲೆ ಎಡಕ್ಕೋ ಬಲಕ್ಕೋ ತಿರುಗಿದ್ದರೆ ಹಾಗಲ್ಲ. ಒಂದು ಕೆನ್ನೆ ಕಿರಿದಾಗಿ, ಇನ್ನೊಂದು ಕಡೆಯ ಕಿವಿ ಹೊರಬಂದು, ಮೂಗು ಬೇರೆ ಕಡೆ ತೋರಿಸುತ್ತದೆ. ಅದನ್ನು ಯಾವ ರೀತಿ ಎಳೆದು ತಿರುಗಿಸಿದರೂ ನೆಟ್ಟಗಾಗುವುದಿಲ್ಲ. ಪರೀಕ್ಷೆ ಸುಲಭ. ಮೂಗಿನ ತುದಿಯಿಂದ ಎಡ ಕಿವಿಗೆ, ಬಲ ಕಿವಿಗೆ ಎಷ್ಟೆಷ್ಟು ದೂರ ಅಂತ ಎರಡೂ ಫ್ರೇಮಿನಲ್ಲಿ ನೋಡಿ. ಆ ಅನುಪಾತ ಹೆಚ್ಚುಕಡಿಮೆ ಒಂದೇ ಇದ್ದರೆ ಮುಂದುವರಿಯಿರಿ.

ಉಳಿದದ್ದು ನಾಲ್ಕನೇ ಫ್ರೇಮು. ಅಜ್ಜಿ ಕ್ಯಾಮೆರಾ ನೋಡುತ್ತಿದ್ದಾರೆ, ಮುಖದ ಮೇಲೆ ಬಿಸಿಲಿಲ್ಲ. ತಲೆ ಹೆಗಲಿನ ಕಡೆ ಚೂರು ವಾಲಿದೆ. ಕಣ್ಣು ಪೂರ್ತಿ ಅಗಲವಾಗಿ ತೆರೆದಿಲ್ಲ, ರೆಪ್ಪೆ ಸ್ವಲ್ಪ ಇಳಿದಿದೆ. ಅದು ದೋಷವಲ್ಲ. ವಯಸ್ಸಾದವರ ರೆಪ್ಪೆ ಹಾಗೇ ಇರುತ್ತದೆ, ಮನೆಯವರು ದಿನಾ ನೋಡುವ ಮುಖವೂ ಅದೇ. ಅಗಲ ಕಣ್ಣಿನ ಫ್ರೇಮು ಸಿಕ್ಕಿತು ಅಂತ ಅದನ್ನೇ ಹಾಕಿದರೆ "ಅಜ್ಜಿ ಯಾಕೋ ಹೆದರಿದ ಹಾಗಿದ್ದಾರೆ" ಅನ್ನುವ ಮಾತು ಬರುತ್ತದೆ.

ಈಗ ಎಷ್ಟು ಭಾಗ ತರಬೇಕು? ಕಣ್ಣು ಮಾತ್ರ ಸಾಲದಾ ಅನ್ನಿಸಬಹುದು. ಬಹಳ ಸಲ ಸಾಲದು. ನಗುವಾಗ ಕೆನ್ನೆ ಮೇಲೆ ಬಂದು ಕಣ್ಣಿನ ಕೆಳಭಾಗವನ್ನು ಒತ್ತುತ್ತದೆ, ಕಣ್ಣಿನ ಬದಿಗೆ ಸುಕ್ಕು ಮೂಡುತ್ತದೆ. ನಗದ ಫ್ರೇಮಿನ ಕಣ್ಣನ್ನು ನಗುವ ಬಾಯಿಯ ಮೇಲೆ ಇಟ್ಟರೆ ಜೋಡಣೆಯಲ್ಲಿ ಒಂದು ಕೂದಲೆಳೆ ತಪ್ಪಿಲ್ಲದಿದ್ದರೂ ಮುಖ ಸುಳ್ಳಾಗಿ ಕಾಣುತ್ತದೆ. ನೋಡಿದವರಿಗೆ ಎಲ್ಲಿ ತಪ್ಪಿದೆ ಅಂತ ಹೇಳಲು ಬರುವುದಿಲ್ಲ, ಆದರೆ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ. ಆದ್ದರಿಂದ ಹುಬ್ಬಿನಿಂದ ಗಲ್ಲದವರೆಗೆ ಇಡೀ ಮುಖ ಒಂದೇ ಫ್ರೇಮಿನಿಂದ ಬರಲಿ.

ಹಾಗಾದರೆ ಕೂದಲು, ಕುತ್ತಿಗೆ ಎಲ್ಲ ಸೇರಿಸಿ ಪೂರ್ತಿ ತಲೆಯನ್ನೇ ತಂದರೆ? ಇಲ್ಲಿ ಇನ್ನೊಂದು ತಕರಾರು. ಫೋಟೋಗ್ರಾಫರ್ ಕೈಯಲ್ಲಿ ಹಿಡಿದು ತೆಗೆದಿದ್ದಾರೆ, ಟ್ರೈಪಾಡ್ ಇಲ್ಲ. ಮೂರನೇ ಮತ್ತು ನಾಲ್ಕನೇ ಫ್ರೇಮಿನ ನಡುವೆ ಒಂದು ಗೇಣು ಪಕ್ಕಕ್ಕೆ ಸರಿದಿದ್ದಾರೆ ಅಂತ ಇಟ್ಟುಕೊಳ್ಳಿ. ಅಜ್ಜಿ ಕ್ಯಾಮೆರಾದಿಂದ 5 ಮೀಟರ್ ದೂರ, ಹಿಂದಿನ ಸಾಲಿನವರು ಅಜ್ಜಿಗಿಂತ ಎರಡು ಅಡಿ ಚಿಲ್ಲರೆ ಹಿಂದೆ, ಅಡಿಕೆ ಮರಗಳು ಕ್ಯಾಮೆರಾದಿಂದ 15 ಮೀಟರ್ ದೂರ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 6000 ಪಿಕ್ಸೆಲ್ ಅಗಲ ಇರುತ್ತದೆ. ಅದರಲ್ಲಿ ಅಜ್ಜಿಯ ಮುಖ ಸುಮಾರು 200 ಪಿಕ್ಸೆಲ್. ಅಜ್ಜಿಯ ಮುಖವನ್ನು ಎರಡೂ ಫ್ರೇಮಿನಲ್ಲಿ ಒಂದರ ಮೇಲೊಂದು ಕೂರಿಸಿದರೆ, ಹಿಂದೆ ನಿಂತವರು ಸುಮಾರು 30 ಪಿಕ್ಸೆಲ್ ಪಕ್ಕಕ್ಕೆ ಹೋಗಿರುತ್ತಾರೆ. ಅಡಿಕೆ ಮರಗಳಂತೂ ಹೆಚ್ಚುಕಡಿಮೆ ಒಂದು ಮುಖದಷ್ಟು ಸರಿದಿರುತ್ತವೆ. ಓಡುವ ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಬೇಲಿ ಬೇಗ ಹಿಂದೆ ಹೋಗಿ ದೂರದ ಗುಡ್ಡ ನಿಧಾನಕ್ಕೆ ಹೋಗುತ್ತದಲ್ಲ, ಅದೇ ಇದು.

ಅಂದರೆ ಅಜ್ಜಿಯ ತಲೆಯ ಹೊರಗೆರೆ ದಾಟಿ ಒಂದಿಷ್ಟು ತಂದರೂ ಹಿಂದಿನವರ ಸೀರೆ ಅಂಚು ಮುರಿಯುತ್ತದೆ, ಪಂಚೆಯ ಗೆರೆ ಎರಡಾಗುತ್ತದೆ. ಹೊರಗೆರೆಯ ಒಳಗೇ ಉಳಿದರೆ ಈ ತಲೆನೋವು ಇಲ್ಲ. ಹಿಂದಿನದೆಲ್ಲ ಮೂರನೇ ಫ್ರೇಮಿನದೇ ಆಗಿರುತ್ತದೆ. ಹಾಗಾಗಿ ಹಣೆಯ ಕೂದಲಂಚಿನ ಒಳಗಿನಿಂದ ಗಲ್ಲದ ಕೆಳಗಿನ ನೆರಳಿನವರೆಗೆ, ಕಿವಿಯಿಂದ ಸ್ವಲ್ಪ ಈಚೆಗೆ, ಅಷ್ಟು ಮಾತ್ರ ತರೋಣ. ಸಾಲಿನ ತುದಿಯಲ್ಲಿ ನಿಂತವರಾದರೆ ಬೇರೆ ದಾರಿ ಇದೆ. ಅವರ ಹಿಂದೆ ಬರೀ ಗೋಡೆಯೋ ಗಿಡವೋ ಇದ್ದರೆ ಇಡೀ ಆಳನ್ನೇ ಬದಲಿಸಿಬಿಡಬಹುದು. ಮುಖ ಕತ್ತರಿಸುವುದಕ್ಕಿಂತ ಅದೇ ಸುಲಭ.

ಕೆಲಸ ಶುರು ಮಾಡುವ ಮುಂಚೆ ಎರಡೂ ಫೋಟೋಗೆ ಒಂದೇ ವೈಟ್ ಬ್ಯಾಲೆನ್ಸ್, ಒಂದೇ ಎಕ್ಸ್‌ಪೋಷರ್ ಇರುವ ಹಾಗೆ ನೋಡಿಕೊಳ್ಳಿ. ರಾ ಫೈಲ್ ಇದ್ದರೆ ಮೂರನೆಯದರ ಸೆಟ್ಟಿಂಗನ್ನೇ ನಾಲ್ಕನೆಯದಕ್ಕೂ ಕೊಟ್ಟು ತೆರೆಯಿರಿ. ಫ್ಲ್ಯಾಶ್ ಹಾಕಿ ಪಟಪಟ ತೆಗೆದ ಫ್ರೇಮುಗಳಲ್ಲಿ ಒಂದು ತೊಡಕಿದೆ. ಫ್ಲ್ಯಾಶ್ ಪೂರ್ತಿ ಚಾರ್ಜ್ ಆಗುವ ಮೊದಲೇ ಮುಂದಿನ ಕ್ಲಿಕ್ ಆಗಿರುತ್ತದೆ. ಹಾಗೆ ಬಂದ ಫ್ರೇಮು ಕತ್ತಲಾಗಿರುವುದಷ್ಟೇ ಅಲ್ಲ, ಅದರಲ್ಲಿ ಫ್ಲ್ಯಾಶ್ ಪಾಲು ಕಡಿಮೆ, ಅಂಗಳದ ಬೆಳಕಿನ ಪಾಲು ಜಾಸ್ತಿ. ನೆರಳಿನ ಆಕಾರವೇ ಬೇರೆಯಾಗಿರುತ್ತದೆ. ಅದನ್ನು ಸುಮ್ನೆ ಬ್ರೈಟ್ ಮಾಡಿ ಸರಿ ಮಾಡಲು ಆಗುವುದಿಲ್ಲ.

ಫೋಟೋಶಾಪ್‌ನಲ್ಲಿ ಎರಡು ಲೇಯರ್ ತಾನಾಗಿ ಹೊಂದಿಸಲು `Edit > Auto-Align Layers` ಇದೆ. ಟ್ರೈಪಾಡ್ ಮೇಲೆ ತೆಗೆದ ಫೋಟೋಗೆ ಅದು ಚೆನ್ನ. ಕೈಯಲ್ಲಿ ತೆಗೆದದ್ದಕ್ಕೆ ನಾನು ನಂಬುವುದಿಲ್ಲ. ಅದು ಇಡೀ ಫೋಟೋದಲ್ಲಿ ಹೊಂದುವ ಜಾಗ ಹುಡುಕುತ್ತದೆ. ಹಿಂದಿನ ಮರ, ಕಂಬ, ಹೆಂಚು ಇವೇ ಅದಕ್ಕೆ ಗಟ್ಟಿ ಗುರುತು. ಮರ ಹೊಂದಿತು ಅಂದರೆ ಅಜ್ಜಿ ಹೊಂದಲಿಲ್ಲ ಅಂತಲೇ ಲೆಕ್ಕ. ಇಲ್ಲಿ ಕೈಯಿಂದಲೇ ಹೊಂದಿಸೋಣ.

ನಾಲ್ಕನೇ ಫ್ರೇಮಿನಲ್ಲಿ ಅಜ್ಜಿಯ ತಲೆ, ಹೆಗಲು ಬರುವಷ್ಟು ಚೌಕವಾಗಿ ಆರಿಸಿ ಕಾಪಿ ಮಾಡಿ, ಮೂರನೆಯದರ ಮೇಲೆ ಪೇಸ್ಟ್ ಮಾಡಿ. ಆ ಲೇಯರನ್ನು `Convert to Smart Object` ಮಾಡಿಕೊಂಡರೆ ಮತ್ತೆ ಮತ್ತೆ ತಿರುಗಿಸಿದರೂ ಚಿತ್ರ ಮಸುಕಾಗುವುದಿಲ್ಲ. ಲೇಯರಿನ ಒಪಾಸಿಟಿ 50ಕ್ಕೆ ಇಳಿಸಿ. ಈಗ ಎರಡು ಮುಖವೂ ಒಟ್ಟಿಗೆ ಕಾಣುತ್ತವೆ. `Ctrl+T` ಒತ್ತಿ ಜರುಗಿಸಿ, ತಿರುಗಿಸಿ.

ಯಾವುದಕ್ಕೆ ಯಾವುದನ್ನು ಹೊಂದಿಸಬೇಕು? ರೆಪ್ಪೆಗೆ ರೆಪ್ಪೆ ಹೊಂದಿಸಲು ಹೋಗಬೇಡಿ. ಒಂದು ಮುಚ್ಚಿದೆ, ಒಂದು ತೆರೆದಿದೆ, ಅವು ಹೊಂದುವುದೇ ಇಲ್ಲ. ಕಣ್ಣು ಮುಚ್ಚಿದರೂ ಬಿಟ್ಟರೂ ಜಾಗ ಬದಲಿಸದ ಗುರುತು ಬೇಕು. ಮೂಗಿನ ಪಕ್ಕ ಇರುವ ಕಣ್ಣಿನ ಒಳಮೂಲೆಗಳು, ಮೂಗಿನ ಹೊಳ್ಳೆ, ಹಣೆಯ ಕುಂಕುಮ. ಒಳಮೂಲೆಗಳಿಂದ ಓರೆ ಸರಿಯಾಗುತ್ತದೆ. ಕುಂಕುಮದಿಂದ ಹೊಳ್ಳೆಯವರೆಗಿನ ಉದ್ದದಿಂದ ಗಾತ್ರ ಸರಿಯಾಗುತ್ತದೆ. ಅಜ್ಜಿ ಆ ಕ್ಷಣ ಮುಂದೆ ಬಾಗಿದ್ದರೆ ಮುಖ ಚೂರು ದೊಡ್ಡದಿರುತ್ತದೆ, ಅದಕ್ಕೇ ಗಾತ್ರ ನೋಡುವುದು. ಇಲ್ಲಿ ಎರಡು ಡಿಗ್ರಿಯಷ್ಟು ತಿರುಗಿಸಿ, ಒಂಚೂರು ಚಿಕ್ಕದು ಮಾಡಿದರೆ ಕೂತಿತು. ಬ್ಲೆಂಡ್ ಮೋಡನ್ನು `Difference`ಗೆ ಬದಲಿಸಿ ನೋಡಿ. ಎರಡೂ ಒಂದೇ ಇರುವ ಜಾಗ ಕಪ್ಪಾಗುತ್ತದೆ. ಮೂಗಿನ ಸುತ್ತ ಕಪ್ಪಾಗಿ, ಕಣ್ಣಿನ ಜಾಗ ಮಾತ್ರ ಬೆಳ್ಳಗೆ ಕಂಡರೆ ಜೋಡಣೆ ಸರಿ ಇದೆ.

ಮೋಡ್ `Normal`ಗೆ, ಒಪಾಸಿಟಿ 100ಕ್ಕೆ ತಂದು, `Alt` ಒತ್ತಿಕೊಂಡು ಮಾಸ್ಕ್ ಬಟನ್ ಕ್ಲಿಕ್ ಮಾಡಿ. ಕಪ್ಪು ಮಾಸ್ಕ್ ಬರುತ್ತದೆ, ಹೊಸ ಮುಖ ಪೂರ್ತಿ ಮರೆಯಾಗುತ್ತದೆ. ಜಿಂಪ್ ಬಳಸುವವರು ಮಾಸ್ಕ್ ಸೇರಿಸುವಾಗ `Black (full transparency)` ಆರಿಸಿದರೆ ಇದೇ ಆಗುತ್ತದೆ. ಈಗ ಬಿಳಿ ಬ್ರಷ್‌ನಿಂದ ಬಳಿದಲ್ಲಿ ಮಾತ್ರ ಹೊಸ ಮುಖ ಕಾಣುತ್ತದೆ. ಮೂಗಿನ ಮೇಲಿಂದ ಶುರು ಮಾಡಿ ಹೊರಗೆ ಹೋಗಿ. ಜಾಸ್ತಿ ಬಂತಾ, ಕಪ್ಪು ಬ್ರಷ್‌ನಿಂದ ಒರೆಸಿ. ಏನೂ ಕಳೆದುಹೋಗುವುದಿಲ್ಲ.

ಬ್ರಷ್ ಎಷ್ಟು ಮೆತ್ತಗಿರಬೇಕು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಆ ಜಾಗದ ಅಂಚು ಫೋಟೋದಲ್ಲಿ ಎಷ್ಟು ಚೂಪಾಗಿದೆಯೋ ಬ್ರಷ್ ಕೂಡ ಅಷ್ಟೇ ಚೂಪಾಗಿರಬೇಕು. ಹಣೆಯ ಮೇಲೆ, ಕೆನ್ನೆಯ ಮೇಲೆ ಚರ್ಮದಿಂದ ಚರ್ಮಕ್ಕೆ ದಾಟುತ್ತೇವೆ, ಅಲ್ಲಿ ಪೂರ್ತಿ ಮೆತ್ತಗಿನ ಬ್ರಷ್. ಗಲ್ಲದ ಕೆಳಗೆ ಚರ್ಮ ಮುಗಿದು ಕುತ್ತಿಗೆಯ ನೆರಳು ಶುರುವಾಗುತ್ತದೆ, ಅಲ್ಲಿ ಸ್ವಲ್ಪ ಗಟ್ಟಿ. ಎಲ್ಲ ಕಡೆ ಮೆತ್ತಗಿನ ಬ್ರಷ್ಷನ್ನೇ ಬಳಿದರೆ ಗಲ್ಲ ಎರಡೆರಡು ಕಾಣುತ್ತದೆ, ಒಂದು ಹೊಸದು, ಅದರ ಕೆಳಗೆ ಹಳೆಯದರ ಮಸುಕು ಗೆರೆ. ನರೆತ ಕೂದಲಿನ ಅಂಚನ್ನು ಮುಟ್ಟಲೇಬೇಡಿ. ಎರಡು ಫ್ರೇಮಿನ ಕೂದಲೆಳೆ ಎಂದೂ ಒಂದೇ ಜಾಗದಲ್ಲಿ ಇರುವುದಿಲ್ಲ, ಬೆರೆಸಿದರೆ ಮಂಜಿನ ಹಾಗಾಗುತ್ತದೆ.

ಒಡವೆ ಕಡೆ ಗಮನ ಇರಲಿ. ಅಜ್ಜಿಯ ಮೂಗುಬಟ್ಟಿನ ಪಕ್ಕದಲ್ಲಿ ಇನ್ನೊಂದು ಅರ್ಧ ಮೂಗುಬಟ್ಟು ಕಂಡರೆ ಮಾಸ್ಕ್ ಅಲ್ಲಿ ಅರೆಬರೆ ಇದೆ ಅಂತ. ಮೂಗು ಪೂರ್ತಿ ಹೊಸದಾಗಿರಬೇಕು ಅಥವಾ ಪೂರ್ತಿ ಹಳೆಯದು. ಓಲೆ ತೂಗಾಡುತ್ತಿರುತ್ತದೆ, ಅದನ್ನು ಹಳೆಯದರಲ್ಲೇ ಬಿಡಿ. ಕನ್ನಡಕ ಇದ್ದರೆ ಗಾಜು ಮಾತ್ರ ತರಬೇಡಿ, ಇಡೀ ಕನ್ನಡಕ ಬರಲಿ. ಅದರ ಕಡ್ಡಿ ಕಿವಿಯ ಹತ್ತಿರ ಹಳೇ ಕಡ್ಡಿಗೆ ಸರಿಯಾಗಿ ಕೂಡಬೇಕು. ಅಲ್ಲಿ ಮೆಟ್ಟಿಲಿನ ಹಾಗೆ ಮುರಿದಿದ್ದರೆ ಮೊದಲು ಕಣ್ಣಿಗೆ ಬೀಳುವುದು ಅದೇ.

ಜೋಡಣೆ ಮುಗಿಯಿತು ಅಂದರೂ ಮುಖ ಅಂಟಿಸಿದ ಹಾಗೆ ಕಾಣುತ್ತಿದೆ ಅನ್ನಿಸಿದರೆ ಕಾರಣ ಬಹುತೇಕ ಬೆಳಕಿನ ಮಟ್ಟ. ನಾಲ್ಕನೇ ಫ್ರೇಮಿನ ಹೊತ್ತಿಗೆ ಒಂದು ತುಂಡು ಮೋಡ ಬಂದಿತ್ತು. ಮುಖ ಚೂರು ಕಪ್ಪು, ಚೂರು ನೀಲಿ. ಹೋಲಿಸಬೇಕಾದದ್ದು ಪಕ್ಕದ ವಟುವಿನ ಮುಖದ ಜೊತೆ ಅಲ್ಲ, ಅಜ್ಜಿಯ ಕುತ್ತಿಗೆಯ ಜೊತೆ. ಕುತ್ತಿಗೆ ಮೂರನೇ ಫ್ರೇಮಿನದು, ಚರ್ಮ ಅದೇ ಅಜ್ಜಿಯದು. ಮುಖದ ಲೇಯರಿನ ಮೇಲೆ `Curves` ಹಾಕಿ, `Create Clipping Mask` ಮಾಡಿ, ಆಗ ಬದಲಾವಣೆ ಮುಖಕ್ಕೆ ಮಾತ್ರ ತಾಗುತ್ತದೆ. ಗೆರೆಯನ್ನು ನಡುವೆ ಹಿಡಿದು ಸ್ವಲ್ಪ ಮೇಲೆತ್ತಿ. ಆಮೇಲೆ ನೀಲಿ ಚಾನೆಲ್‌ಗೆ ಹೋಗಿ ಸ್ವಲ್ಪ ಕೆಳಗಿಳಿಸಿ, ಹಳದಿ ಬರುತ್ತದೆ. ಎರಡೂ ಒಂದೇ ಸಲ ಮಾಡಿದರೆ ಯಾವುದು ತಪ್ಪಿತು ಅಂತ ಗೊತ್ತಾಗುವುದಿಲ್ಲ. ಮೇಲೆ ತಾತ್ಕಾಲಿಕವಾಗಿ ಒಂದು ಕಪ್ಪುಬಿಳುಪು ಲೇಯರ್ ಹಾಕಿಕೊಂಡು ಮೊದಲು ಬೆಳಕು ಸರಿಮಾಡಿ, ಅದನ್ನು ತೆಗೆದು ಆಮೇಲೆ ಬಣ್ಣ ನೋಡಿ.

ಕಣ್ಣು ಒಂದೇ ಜಾಗವನ್ನು ತುಂಬಾ ಹೊತ್ತು ನೋಡಿದರೆ ತಪ್ಪು ಕಾಣುವುದನ್ನು ಬಿಡುತ್ತದೆ. ಅದಕ್ಕೆ ಎಲ್ಲದರ ಮೇಲೆ ಇನ್ನೊಂದು `Curves` ಲೇಯರ್ ಹಾಕಿ ಗೆರೆಯನ್ನು ಕಡಿದಾಗಿ, ಗೋಡೆಯ ಹಾಗೆ ನಿಲ್ಲಿಸಿ. ಫೋಟೋ ವಿಕಾರವಾಗುತ್ತದೆ, ಆಗಲಿ. ಮಾಸ್ಕಿನ ಅಂಚಿನಲ್ಲಿ ಬಣ್ಣ ಎಲ್ಲಿ ಹಾರಿದೆಯೋ ಅಲ್ಲಿ ಗೆರೆ ಎದ್ದು ಕಾಣುತ್ತದೆ. ಅಲ್ಲಿ ಸರಿಮಾಡಿ, ಆ ಲೇಯರ್ ಅಳಿಸಿ.

ಇನ್ನು ಫೋಟೋದ ಕಾಳು. ಕತ್ತಲಲ್ಲಿ ತೆಗೆದ ಫೋಟೋದಲ್ಲಿ ಸಣ್ಣ ಸಣ್ಣ ಚುಕ್ಕೆ ಇರುತ್ತವೆ. ಬ್ರೈಟ್ ಮಾಡಿದ ಮುಖದಲ್ಲಿ ಅವು ಜಾಸ್ತಿ ಕಾಣುತ್ತವೆ, ಹಿಗ್ಗಿಸಿದ ಮುಖದಲ್ಲಿ ಮಸುಕಾಗುತ್ತವೆ. ನೂರಕ್ಕೆ ನೂರು ಜೂಮ್ ಮಾಡಿ ಹಣೆಯನ್ನೂ ಕುತ್ತಿಗೆಯನ್ನೂ ನೋಡಿ. ಮುಖ ನುಣ್ಣಗಿದ್ದರೆ `Add Noise`ನಲ್ಲಿ `Monochromatic` ಟಿಕ್ ಮಾಡಿ ಸ್ವಲ್ಪವೇ ಸ್ವಲ್ಪ ಸೇರಿಸಿ.

ಎಷ್ಟು ತಲೆ ಕೆಡಿಸಿಕೊಳ್ಳಬೇಕು ಅನ್ನುವುದು ಪ್ರಿಂಟಿನ ಗಾತ್ರದ ಮೇಲೆ ನಿಂತಿದೆ. ಆಲ್ಬಮಿನಲ್ಲಿ ಈ ಫೋಟೋ 18 ಇಂಚು ಅಗಲಕ್ಕೆ ಬಂದರೆ ಅಜ್ಜಿಯ ಮುಖ ಒಂದೂವರೆ ಸೆಂಟಿಮೀಟರ್. ಅಷ್ಟರಲ್ಲಿ ಕಾಳು ಯಾರಿಗೂ ಕಾಣುವುದಿಲ್ಲ, ಕನ್ನಡಕದ ಕಡ್ಡಿ ಮುರಿದದ್ದು ಕಾಣುತ್ತದೆ, ಬಣ್ಣದ ವ್ಯತ್ಯಾಸ ಖಂಡಿತ ಕಾಣುತ್ತದೆ. ಅದೇ ಫೋಟೋದಿಂದ ಅಜ್ಜಿಯನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ ಗೋಡೆಗೆ ಹಾಕುತ್ತೇವೆ ಅಂದರೆ ಈ ತಿದ್ದಿದ ಮುಖ ಬೇಡ. ಅದಕ್ಕೆ ನಾಲ್ಕನೇ ಫ್ರೇಮನ್ನೇ ಕೊಡಿ, ಅಲ್ಲಿ ಅವರು ಇದ್ದ ಹಾಗೇ ಇದ್ದಾರೆ. ಪತ್ರಿಕೆಗೆ ಕೊಡುವ ಸುದ್ದಿ ಫೋಟೋದಲ್ಲಂತೂ ಈ ಕೆಲಸ ಮಾಡಲೇಬಾರದು. ಮನೆ ಆಲ್ಬಮಿಗೆ ಅಡ್ಡಿಯಿಲ್ಲ. ಅದರಲ್ಲೂ ಹೋಮದ ಮುಂದೆ ಕೈಮುಗಿದು ಕಣ್ಣು ಮುಚ್ಚಿದವರನ್ನು ಮನೆಯವರೇ ಕೇಳಿಕೊಂಡ ಹೊರತು ಎಬ್ಬಿಸಲು ಹೋಗಬೇಡಿ.

ಜೆಪೆಗ್ ಕೊಟ್ಟರೂ ಲೇಯರ್ ಇರುವ ಪಿಎಸ್‌ಡಿ ಫೈಲನ್ನು ಇಟ್ಟುಕೊಳ್ಳಿ. ಆಲ್ಬಮ್ ಪ್ರೂಫ್ ಮನೆಗೆ ಹೋದ ಮೇಲೆ ಎರಡನೇ ಸಾಲಿನ ಚಿಕ್ಕಮ್ಮನಿಗೆ ತಮ್ಮ ಮುಖ ಎರಡನೇ ಫ್ರೇಮಿನಲ್ಲೇ ಚೆನ್ನಾಗಿತ್ತು ಅಂತ ಅನ್ನಿಸುವುದುಂಟು.